ಹಳೆಯ ಪತ್ರಿಕೆಯ ಚಿತ್ರ, ಸ್ಕ್ಯಾನರಿನ ಅಲೆ: ಚುಕ್ಕಿ ಅಳೆದು ಬಿಡಿಸಿದ ನನ್ನ ಅನುಭವ

ಬೀದರಿನ ಹಳೆ ಊರಿನಲ್ಲಿ, ಚೌಬಾರಾಕ್ಕೆ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಬಿದರಿ ಕೆಲಸ ಮಾಡುವ ಕಾಕಾ ಒಬ್ಬರು ಒಂದು ದಿನ ಹಳೆಯ ಪತ್ರಿಕೆಯ ಒಂದು ಹಾಳೆ ತಂದರು. ಅದರಲ್ಲಿ ಅವರ ತಂದೆ ಮಾಡಿದ ಸುರಾಹಿಯ ಕಪ್ಪು-ಬಿಳುಪು ಚಿತ್ರವಿತ್ತು, ಅಗಲ ನಾಲ್ಕು ಇಂಚು, ಎತ್ತರ ಐದು ಇಂಚು. ಸುರಾಹಿ ಮಾರಿಹೋಗಿದೆ, ಮೂಲ ಫೋಟೊ ಸಿಗುತ್ತಿಲ್ಲ. ಈ ಹಾಳೆಯಿಂದಲೇ ದೊಡ್ಡ ಪ್ರಿಂಟ್ ತೆಗೆದು, ಹೂವಿನ ನಕ್ಷೆ ನೋಡಿ ಮತ್ತೊಂದು ಸುರಾಹಿ ಮಾಡಬೇಕೆಂಬುದು ಅವರ ಆಸೆ.

ಫೋಟೊ ಸ್ಕ್ಯಾನ್ ಮಾಡುವ ರೂಢಿಯಂತೆ 300 ಡಿಪಿಐ ಇಟ್ಟು ಸ್ಕ್ಯಾನ್ ಮಾಡಿದೆ. ಸುರಾಹಿಯ ಹೊಟ್ಟೆಯ ತುಂಬ ರೇಷ್ಮೆ ಬಟ್ಟೆಯ ಮೇಲಿನ ನೀರಲೆಯಂಥ ಗೆರೆಗಳು ಬಂದವು. ಕಾಕಾ ಕನ್ನಡಕ ಏರಿಸಿ ತೆರೆಯ ಮೇಲೆ ಬೆರಳಿಟ್ಟರು. "ತಮ್ಮಾ, ಈ ಹೂವಿನ ಬಳ್ಳಿ ನಮ್ಮಪ್ಪಂದೇ ಅದ. ಈ ಸುರುಳಿ ಗೆರಿ ಮಾತ್ರ ನಮ್ಮಪ್ಪ ಹಾಕಿದ್ದಲ್ಲ." ಅವರು ಹೇಳಿದ್ದು ಸರಿ. ಆ ಗೆರೆ ಸುರಾಹಿಯಲ್ಲೂ ಇರಲಿಲ್ಲ, ಹಾಳೆಯಲ್ಲೂ ಇರಲಿಲ್ಲ. ಸ್ಕ್ಯಾನ್ ಮಾಡುವಾಗ ಹುಟ್ಟಿಕೊಂಡದ್ದು. ಇದಕ್ಕೇ ಮುವಾರೆ ಎನ್ನುತ್ತಾರೆ.

ಅಚ್ಚಾದ ಚಿತ್ರದಲ್ಲಿ ಬೂದು ಬಣ್ಣವೇ ಇರುವುದಿಲ್ಲ. ಸಾಲಾಗಿ ಕೂತ ಕಪ್ಪು ಚುಕ್ಕಿಗಳಿರುತ್ತವೆ, ದಪ್ಪ ಚುಕ್ಕಿ ಕಣ್ಣಿಗೆ ಕಡುಬೂದಾಗಿ, ಸಣ್ಣ ಚುಕ್ಕಿ ತಿಳಿಬೂದಾಗಿ ಕಾಣುತ್ತದೆ. ಒಂದು ಇಂಚಿನಲ್ಲಿ ಇಂಥ ಎಷ್ಟು ಸಾಲುಗಳಿವೆ ಎಂಬುದೇ ಎಲ್‌ಪಿಐ. ದಿನಪತ್ರಿಕೆಗೆ ಸುಮಾರು 85, ನುಣುಪು ಕಾಗದದ ಮಾಸಿಕಕ್ಕೆ 133ರಿಂದ 150. ಸ್ಕ್ಯಾನರ್ ಕೂಡ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ ನೋಡುತ್ತದೆ. ಈ ಚೌಕವೇ ಪಿಕ್ಸೆಲ್, ಇಂಚಿಗೆ ಎಷ್ಟು ಚೌಕ ಎಂಬುದೇ ಡಿಪಿಐ. ಒಂದು ಚುಕ್ಕಿಯ ಅಂತರಕ್ಕೆ ಎರಡು ಮೂರು ಚೌಕ ಮಾತ್ರ ಸಿಕ್ಕರೆ, ಒಂದು ಕಡೆ ಚುಕ್ಕಿ ಚೌಕದ ನಡುವಿಗೆ ಬೀಳುತ್ತದೆ, ಸ್ವಲ್ಪ ಮುಂದೆ ಅಂಚಿಗೆ ಬೀಳುತ್ತದೆ, ಇನ್ನೂ ಮುಂದೆ ಮತ್ತೆ ನಡುವಿಗೆ ಬರುತ್ತದೆ. ಹೀಗೆ ಕೂಡುತ್ತ ತಪ್ಪುತ್ತ ಹೋಗುವುದೇ ಅಗಲವಾದ ಅಲೆಯಾಗಿ ಕಾಣುತ್ತದೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಾಕಿದಾಗ ಕಾಣುವುದೂ ಇದೇ.

ಆ 300ರ ಫೈಲನ್ನೇ ಮಸುಕು ಮಾಡಿ ಸರಿಪಡಿಸಲು ಮೊದಲು ನೋಡಿದೆ. ಆಗಲಿಲ್ಲ. ಅಲೆ ಎರಡು ಮೂರು ಮಿಲಿಮೀಟರ್ ಅಗಲ, ಹೂವಿನ ಎಸಳೂ ಅಷ್ಟೇ. ಅಲೆ ಹೋಗುವಷ್ಟು ಮಸುಕು ಮಾಡಿದರೆ ಎಸಳೂ ಹೋಗುತ್ತದೆ. ಅಲೆ ಒಮ್ಮೆ ಫೈಲಿನಲ್ಲಿ ಕೂತಮೇಲೆ ಮತ್ತೆ ಸ್ಕ್ಯಾನ್ ಮಾಡುವುದೊಂದೇ ದಾರಿ. ಯಾರೋ ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ತಂದು "ಗೆರಿ ತೆಗೀರಿ" ಎಂದವರಿಗೂ ನಾನು ಹಾಳೆಯನ್ನೇ ತರಲು ಹೇಳುತ್ತೇನೆ.

ಎರಡನೆಯ ಸಲ 600 ಡಿಪಿಐ ಇಟ್ಟೆ. ಇಲ್ಲಿ ಚುಕ್ಕಿ ಚುಕ್ಕಿಯಾಗಿಯೇ ಸಿಗುತ್ತದೆ, ಅಲೆಗೆ ಆಸ್ಪದ ಕಡಿಮೆ. ಸ್ಕ್ಯಾನರಿನ ತಂತ್ರಾಂಶ Epson Scanನಲ್ಲಿ Professional Modeಗೆ ಹೋದರೆ ಕೆಳಗೆ ಅಚ್ಚಿನ ಚುಕ್ಕಿಗಳನ್ನು ಕರಗಿಸುವ Descreening ಸಿಗುತ್ತದೆ, ಅದರೊಳಗೆ ದಿನಪತ್ರಿಕೆಗೆ 85, ಮಾಸಿಕಕ್ಕೆ 133, ನಯವಾದ ಅಚ್ಚಿಗೆ 175 ಎಂಬ ಆಯ್ಕೆಗಳಿವೆ. ಅಲ್ಲೇ ಇರುವ Unsharp Mask ಗುರುತನ್ನು ಮೊದಲು ತೆಗೆಯಬೇಕು. ಅದು ಅಂಚುಗಳನ್ನು ಚೂಪು ಮಾಡುತ್ತದೆ, ಚುಕ್ಕಿಯ ಅಂಚನ್ನೂ ಬಿಡುವುದಿಲ್ಲ. ಹಿಂಬದಿಯ ಅಕ್ಷರ ತೋರದಂತೆ ಹಾಳೆಯ ಮೇಲೆ ಕಪ್ಪು ಕಾಗದ ಹೊದಿಸಿ, 133 ಆರಿಸಿ ಸ್ಕ್ಯಾನ್ ಮಾಡಿದೆ. ಅಲೆ ಹೋಯಿತು. ಆದರೆ ಹಿನ್ನೆಲೆಯ ಬೂದಿನಲ್ಲಿ ಸಣ್ಣ ಜರಡಿಯಂಥ ಗುರುತು ಉಳಿಯಿತು. 85 ಇಟ್ಟರೆ ಜರಡಿ ಹೋಯಿತು, ಜೊತೆಗೆ ಎಸಳಿನ ತುದಿಗಳೂ ಹೋದವು. ಈ ಹಾಳೆಯ ಚುಕ್ಕಿ ಎರಡರ ನಡುವೆ ಎಲ್ಲೋ ಇದೆ ಎಂದು ಆಗ ಹೊಳೆಯಿತು.

ಹಾಗಾದರೆ ಅಳೆಯೋಣ ಎಂದುಕೊಂಡೆ. ಚಿತ್ರದ ಮೂಲೆಯ ಒಂದು ಇಂಚಿನಷ್ಟು ತಿಳಿಬೂದು ಜಾಗವನ್ನು ಮಾತ್ರ ಆರಿಸಿ, Descreening ತೆಗೆದು, 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಚಿತ್ರ ತಿದ್ದುವ ಗಿಂಪ್‌ನಲ್ಲಿ ತೆರೆದು ದೊಡ್ಡದು ಮಾಡಿದರೆ ಚುಕ್ಕಿಗಳು ರಾಗಿ ಕಾಳು ಸಾಲಾಗಿಟ್ಟಂತೆ ಕಂಡವು. ಕಪ್ಪು-ಬಿಳುಪು ಅಚ್ಚಿನಲ್ಲಿ ಸಾಲುಗಳು ಸಾಮಾನ್ಯವಾಗಿ 45 ಡಿಗ್ರಿ ಓರೆಯಾಗಿರುತ್ತವೆ, ಆದ್ದರಿಂದ ಅಡ್ಡಕ್ಕೆ ಎಣಿಸಬಾರದು, ಓರೆ ಸಾಲಿನ ಗುಂಟವೇ ಎಣಿಸಬೇಕು. Measure ಉಪಕರಣ ಓರೆಯ ದೂರವನ್ನೂ ಪಿಕ್ಸೆಲ್‌ನಲ್ಲಿ ತೋರಿಸುತ್ತದೆ. ಮೊದಲ ಚುಕ್ಕಿಯ ನಡುವಿನಿಂದ ಹನ್ನೊಂದನೆಯದರ ನಡುವಿಗೆ ಎಳೆದೆ. 120 ಪಿಕ್ಸೆಲ್ ಬಂತು. ಹತ್ತು ಅಂತರಕ್ಕೆ 120 ಎಂದರೆ ಒಂದಕ್ಕೆ 12. 1200ನ್ನು 12ರಿಂದ ಭಾಗಿಸಿದರೆ 100 ಎಲ್‌ಪಿಐ. ತಂತ್ರಾಂಶದ ಪಟ್ಟಿಯಲ್ಲಿ ಈ ಸಂಖ್ಯೆಯೇ ಇಲ್ಲ.

ಇನ್ನು Descreening ಬೇಡವೆಂದು, ಅದು ಮಾಡುವ ಕೆಲಸವನ್ನು ಕೈಯಿಂದಲೇ ಮಾಡಿದೆ. 600 ಡಿಪಿಐ, 8 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್. ಜೆಪೆಗ್ ಇಟ್ಟರೆ ಅದರ ಒತ್ತುವಿಕೆ ಚುಕ್ಕಿಗಳ ಸುತ್ತ ಕಸ ಸೇರಿಸುತ್ತದೆ. 600ರಲ್ಲಿ ಈ ಚುಕ್ಕಿಗಳ ಅಂತರ 6 ಪಿಕ್ಸೆಲ್. Gaussian Blurನ ಅಳತೆ ಈ ಅಂತರದ ಅರ್ಧಕ್ಕಿಂತ ಚೂರು ಕಡಿಮೆ ಇದ್ದರೆ ಸಾಕು, ಚುಕ್ಕಿಗಳು ಕರಗಿ ಬೂದಾಗುತ್ತವೆ, ಅವುಗಳಿಗಿಂತ ದೊಡ್ಡ ವಿವರ ಉಳಿಯುತ್ತದೆ. ನಾನು 6ಕ್ಕೆ 2.7 ಇಟ್ಟೆ. 133ರ ಹಾಳೆಯಾಗಿದ್ದರೆ ಅಂತರ ನಾಲ್ಕೂವರೆ, ಅದಕ್ಕೆ 2 ಸಾಕಾಗುತ್ತಿತ್ತು. ಚಿತ್ರದ ಕೆಳಗೆ ಎರಡು ಸಾಲು ಬರಹವೂ ಇತ್ತು. ಅಕ್ಷರ ತುಂಬು ಕಪ್ಪಿನಲ್ಲಿ ಅಚ್ಚಾಗಿರುತ್ತದೆ, ಅದರಲ್ಲಿ ಚುಕ್ಕಿ ಇಲ್ಲ, ಮಸುಕು ಮಾಡಿದರೆ ಹಾಳಾಗುತ್ತದಷ್ಟೆ. ಅದಕ್ಕೇ ಚಿತ್ರದ ಚೌಕಟ್ಟನ್ನು ಮಾತ್ರ ಸೆಲೆಕ್ಟ್ ಮಾಡಿ ಮಸುಕು ಹಾಕಿದೆ. ಆಮೇಲೆ ಇಡೀ ಪುಟವನ್ನು Scale Imageನಲ್ಲಿ ಅರ್ಧಕ್ಕೆ ಇಳಿಸಿದೆ, ಹಾಳೆಯ ಒಂದು ಇಂಚಿಗೆ 300 ಪಿಕ್ಸೆಲ್ ಆಯಿತು. ಚೂಪು ಮಾಡುವುದಿದ್ದರೆ ಈಗ, ಕೊನೆಗೆ, ಸ್ವಲ್ಪವೇ.

ನಡುವೆ ಒಂದು ಗಾಬರಿ ಆಯಿತು. 600ರ ಫೈಲ್ ತೆರೆದಾಗ ತೆರೆಯ ಮೇಲೆ ಮತ್ತೆ ಅಲೆ! ಜೂಮ್ ಬದಲಿಸಿದೆ, ಅಲೆಯೂ ಬದಲಾಯಿತು. 100%ಗೆ ತಂದೆ, ಮಾಯವಾಯಿತು. ಚಿತ್ರವನ್ನು ತೆರೆಗೆ ಹಿಡಿಸುವಂತೆ ಕುಗ್ಗಿಸುವಾಗ ಕಂಪ್ಯೂಟರ್ ಹುಟ್ಟಿಸಿದ ಅಲೆ ಅದು, ಫೈಲಿನದಲ್ಲ. ಜೂಮ್ ಬದಲಿಸಿದರೂ ಅದೇ ಹೂವಿನ ಮೇಲೆ ಅದೇ ಗೆರೆ ಕೂತಿದ್ದರೆ ಮಾತ್ರ ಫೈಲಿನಲ್ಲಿ ದೋಷವಿದೆ. ಅಂದಿನಿಂದ 100% ಬಿಟ್ಟು ಬೇರೆ ಜೂಮ್‌ನಲ್ಲಿ ನಾನು ತೀರ್ಪು ಕೊಡುವುದಿಲ್ಲ.

ಬಣ್ಣದ ಪುಟಕ್ಕೆ ನಾಲ್ಕು ಮಸಿಯ ನಾಲ್ಕು ಜಾಲರಿ, ಒಂದೊಂದೂ ಒಂದೊಂದು ಓರೆಯಲ್ಲಿ. ಅಳತೆಯ ರೀತಿ ಅದೇ, ಕಪ್ಪು ಮಸಿಯ ಚುಕ್ಕಿ ಹಿಡಿದು ಎಣಿಸುತ್ತೇನೆ. ಅಚ್ಚಾಗುವಾಗಲೇ ಮಸಿಗಳು ಸರಿಯಾಗಿ ಕೂರದೆ ಅಲೆ ಬಿದ್ದಿದ್ದರೆ ಅದು ಕಾಗದದಲ್ಲೇ ಇದೆ, ಬರಿಗಣ್ಣಿಗೂ ಕಾಣುತ್ತದೆ, ಸ್ಕ್ಯಾನರಿನ ಯಾವ ಆಯ್ಕೆಯೂ ಅದನ್ನು ತೆಗೆಯುವುದಿಲ್ಲ.

ಎಂಟು ಇಂಚು ಅಗಲಕ್ಕೆ ಪ್ರಿಂಟ್ ಹಾಕಿ ಕೊಟ್ಟೆ. ಸುರಾಹಿಯ ಹೊಟ್ಟೆಯ ಹೂವುಗಳಲ್ಲಿ ಕಾಕಾ ಎಸಳುಗಳನ್ನು ಎಣಿಸಿದರು. ಎಂಟು. ಕತ್ತಿನ ಸುತ್ತ ಬೆಳ್ಳಿ ತಂತಿಯ ಬಳ್ಳಿ ಮಾತ್ರ ಮಂಜಾಗಿಯೇ ಇತ್ತು. "ಇದನ್ನ ಇನ್ನೂ ತಿಳಿಯಾಗಿ ತೋರ್ಸಾಕ ಬರಲ್ಲೇನು?" ಎಂದು ಕೇಳಿದರು. ಹಾಳೆಯ ಮೇಲೆ ಭೂತಗನ್ನಡಿ ಹಿಡಿದು ತೋರಿಸಿದೆ. ಆ ತಂತಿ ಒಂದು ಚುಕ್ಕಿಗಿಂತ ಸಣ್ಣದು, ಅಲ್ಲಿ ಚುಕ್ಕಿಗಳ ಸಾಲಷ್ಟೇ ಇದೆ, ಬಳ್ಳಿಯ ಆಕಾರ ಅಚ್ಚಿಗೇ ಇಳಿದಿಲ್ಲ. ಸ್ವಲ್ಪ ಹೊತ್ತು ನೋಡಿದರು. "ಹೊಟ್ಟಿ ಸಿಕ್ತಲ್ಲ ತಮ್ಮಾ, ಸಾಕು. ಕತ್ತಿನ ಬಳ್ಳಿ ಅಪ್ಪ ನನ್ನ ಕೈಲೇ ಹಾಕಿಸ್ತಿದ್ದ" ಎಂದು ಪ್ರಿಂಟನ್ನು ಸುರುಳಿ ಸುತ್ತಿಕೊಂಡರು. ಮಸುಕು ಹಾಕದ 600ರ ಟಿಫ್ ಫೈಲನ್ನು, ಪಕ್ಕದಲ್ಲಿ 100 ಎಲ್‌ಪಿಐ ಎಂದು ಬರೆದು, ಪೆನ್ ಡ್ರೈವಿನಲ್ಲಿ ಹಾಕಿ ಅವರಿಗೇ ಕೊಟ್ಟಿದ್ದೇನೆ.