ಒಂದು ಆಪ್ಷನ್ ಪಟ್ಟಿಯ ಸುತ್ತ ನಾವು ಮೂವರು

ನಾನು ಗದಗಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ರೋಣದ ಕಡೆಯ ನಮ್ಮ ಊರಿನಲ್ಲಿ ಅಣ್ಣ ನೋಡಿಕೊಳ್ಳುವ ಆರು ಎಕರೆ ಎರೆ ಹೊಲವಿದೆ. ಪಿಯುಸಿಯಲ್ಲಿ ಗಣಿತ, ಜೀವಶಾಸ್ತ್ರ ಎರಡನ್ನೂ ಓದಿದ್ದ ಮಗಳು ಬಿ.ಎಸ್ಸಿ. ಕೃಷಿ ಸೇರುತ್ತೇನೆಂದಾಗ, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದ ನಾನು ಊಟದ ತಾಟಿನ ಮುಂದೆಯೇ ದನಿ ಏರಿಸಿದೆ. ಅವಳು ಅರ್ಧ ರೊಟ್ಟಿ ಬಿಟ್ಟು ಎದ್ದಳು. ಮರುದಿನ ನನ್ನ ಹೆಂಡತಿ ಒಂದು ಕಟ್ಟಳೆ ಮಾಡಿದಳು: ಊಟದ ಹೊತ್ತಿನಲ್ಲಿ ಕಾಲೇಜಿನ ಮಾತಿಲ್ಲ, ರವಿವಾರ ಮುಂಜಾನೆ ಒಂದು ತಾಸು ಮಾತ್ರ, ಅದೂ ಬರೆದುಕೊಂಡು ಬಂದದ್ದರ ಮೇಲೆ.

ಮೊದಲ ರವಿವಾರ ನಾನು ಕಂಪ್ಯೂಟರ್ ಸೈನ್ಸಿನ ಪರವಾಗಿ ಒಂದು ಪುಟ ತುಂಬ ಬರೆದುಕೊಂಡು ಕುಳಿತಿದ್ದೆ. ಮಗಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ. "ಅಪ್ಪಾ, ಕಂಪ್ಯೂಟರ್ ಯಾಕ ಛಲೋ ಅನ್ನೋದನ್ನ ಆಮೇಲೆ ಹೇಳ್ರಿ. ಅಗ್ರಿ ಅಂದ್ರ ನಿಮಗ ಯಾತರ ಅಂಜಿಕಿ ಐತಿ, ಅದನ್ನ ಮೊದಲ ಹೇಳ್ರಿ." ನನ್ನ ಪುಟದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಒಂದು ವರ್ಷ ಅಣ್ಣ ಎಪಿಎಂಸಿಗೆ ಒಯ್ದ ಉಳ್ಳಾಗಡ್ಡಿಯ ದುಡ್ಡು ಲಾರಿ ಬಾಡಿಗೆಗೂ ಸಾಲದೆ, ಅವನು ಸಂಜೆ ನಮ್ಮ ಮನೆಗೆ ಬಂದು ಏನೂ ಮಾತಾಡದೆ ಕುಳಿತಿದ್ದನ್ನು ಹೇಳಿದೆ. ಕೃಷಿ ಪದವಿಯೆಂದರೆ ನನ್ನ ಕಣ್ಣಿಗೆ ಕಾಣುತ್ತಿದ್ದುದು ಆ ಸಂಜೆ. ಓದುವುದು ಮಣ್ಣು ವಿಜ್ಞಾನ, ತಳಿ ಅಭಿವೃದ್ಧಿ, ಕೀಟಶಾಸ್ತ್ರ, ಕೃಷಿ ಅರ್ಥಶಾಸ್ತ್ರ; ಮುಂದೆ ಕೃಷಿ ಅಧಿಕಾರಿ, ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ, ಬೀಜ ಕಂಪನಿಗಳ ಕೆಲಸ ಎಂದು ಅವಳು ತಾಳ್ಮೆಯಿಂದ ವಿವರಿಸಿದಳು. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲವಲ್ಲ ಎಂದಾಗ, ಅದಕ್ಕೆ ತನ್ನಲ್ಲಿ ಉತ್ತರವಿಲ್ಲವೆಂದು ಒಪ್ಪಿಕೊಂಡಳು. ಅವಳು ಹಾಗೆ ಒಪ್ಪಿಕೊಂಡದ್ದೇ ನನ್ನ ದನಿ ಇಳಿಯಲು ಕಾರಣವಾಯಿತೆಂದು ಈಗ ಅನ್ನಿಸುತ್ತದೆ.

ಮುಂದಿನ ಶನಿವಾರ ಇಬ್ಬರೂ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗಿ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಮಾತಾಡಿಸಿದೆವು. ಹಳ್ಳಿಯಲ್ಲಿ ಉಳಿದು ರೈತರೊಡನೆ ಕೆಲಸ ಮಾಡುವ ಗ್ರಾಮೀಣ ಕಾರ್ಯಾನುಭವದ ಬಗ್ಗೆ ಉತ್ಸಾಹದಿಂದ ಹೇಳಿದವನು, ಪದವಿ ಮುಗಿದ ಮೇಲೂ ಪರೀಕ್ಷೆಗಳಿಗೆ ಓದುತ್ತಲೇ ಇರುವ ಗೆಳೆಯರ ವಿಷಯವನ್ನೂ ಮುಚ್ಚಿಡಲಿಲ್ಲ. ಬರುವಾಗ ಬಸ್ಸಿನಲ್ಲಿ ನಾವು ಆ ಮಾತು ತೆಗೆಯಲಿಲ್ಲ, ಇನ್ನೂ ರವಿವಾರವಾಗಿರಲಿಲ್ಲ.

ಸಿಇಟಿ ಫಲಿತಾಂಶ ಬಂದಾಗ ಎಂಜಿನಿಯರಿಂಗಿಗೆ ಒಂದು ರ‍್ಯಾಂಕ್, ಕೃಷಿಗೆ ಬೇರೆ ರ‍್ಯಾಂಕ್ ಸಿಕ್ಕಿತ್ತು, ಆದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಡುವ ಆಪ್ಷನ್ ಪಟ್ಟಿ ಒಂದೇ. ಇಲ್ಲಿ ನನ್ನದೊಂದು ತಪ್ಪು ತಿಳಿವಳಿಕೆಯಿತ್ತು. ಸಿಗಲಾರದ ಸೀಟನ್ನು ಮೇಲೆ ಬರೆದರೆ ಕೆಳಗಿನ ಸೀಟಿನ ಅವಕಾಶ ಕಡಿಮೆಯಾಗುತ್ತದೆಂದು ನಾನು ನಂಬಿದ್ದೆ. ಹಾಗಾಗುವುದಿಲ್ಲ. ಮೇಲಿನಿಂದ ಒಂದೊಂದಾಗಿ ನೋಡುತ್ತ ಹೋಗಿ, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನು ಕೊಡುತ್ತಾರೆ. ಅದರ ಕೆಳಗಿನವುಗಳನ್ನು ಮತ್ತೆ ಕೇಳುವಂತಿಲ್ಲ. ಆದ್ದರಿಂದ ಜಗಳಕ್ಕೆ ಯೋಗ್ಯವಾದ ವಿಷಯವೆಂದರೆ ಅನುಕ್ರಮ ಮಾತ್ರ. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಪಟ್ಟಿ ಬರೆದು ಪಕ್ಕಪಕ್ಕ ಇಟ್ಟೆವು. ಅವಳದು ಧಾರವಾಡ, ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿ, ವಿಜಯಪುರ ಎಂಬ ಮೂರು ಕೃಷಿ ಕಾಲೇಜು, ಆಮೇಲೆ ಕಂಪ್ಯೂಟರ್ ಸೈನ್ಸ್. ನನ್ನದು ಅದರ ತಿರುಗು ಮುರುಗು. ಒಂದು ತಾಸಿನ ಕೊನೆಗೆ ಧಾರವಾಡ, ಹನುಮನಮಟ್ಟಿ, ಹುಬ್ಬಳ್ಳಿಯ ಕಂಪ್ಯೂಟರ್ ಸೈನ್ಸ್, ವಿಜಯಪುರ ಎಂದು ಒಪ್ಪಂದವಾಯಿತು.

ನಿಜವಾದ ಸೀಟು ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಅಣಕು ಹಂಚಿಕೆಯಲ್ಲಿ ಬಂದದ್ದು ಮೂರನೆಯದು, ಅಂದರೆ ನಾನು ಬಯಸಿದ್ದೇ. ಮಗಳು ಪರದೆಯನ್ನು ನೋಡಿ ಮೊಬೈಲನ್ನು ತಾಯಿಯ ಕೈಗೆ ಕೊಟ್ಟು ಒಳಗೆ ಹೋದಳು. ಒಪ್ಪಿದ್ದು ಒಪ್ಪಿದ್ದೇ ಎಂದು ಸುಮ್ಮನಿರುವ ಆಸೆ ನನಗಿತ್ತೆಂಬುದನ್ನು ಮುಚ್ಚಿಡಲಾರೆ. ರಾತ್ರಿ ಅವಳೇ ಬಂದು, "ಬರೀವಾಗ ನಡೀತೈತಿ ಅನ್ನಿಸಿತ್ರಿ ಅಪ್ಪಾ, ಖರೇನ ಬಂದದ್ದು ನೋಡಿದ ಮ್ಯಾಲ ನಡೆಯಂಗಿಲ್ಲ ಅನ್ನಿಸಾಕತ್ತೈತಿ" ಎಂದಳು. ಅಣಕು ಹಂಚಿಕೆಯ ನಂತರ ಪಟ್ಟಿ ತಿದ್ದಲು ಅವಕಾಶ ಕೊಡುವುದು ಇದಕ್ಕಾಗಿಯೇ ಅಲ್ಲವೇ ಎಂದು ಹೆಂಡತಿ ಕೇಳಿದಳು. ವಿಜಯಪುರದ ಹಾಸ್ಟೆಲ್ ದೂರವೆಂಬುದನ್ನು ಬಿಟ್ಟರೆ ನನ್ನ ಬಳಿ ಬೇರೆ ಕಾರಣ ಉಳಿದಿರಲಿಲ್ಲ, ಮತ್ತು ಆ ದೂರವನ್ನು ಅನುಭವಿಸಬೇಕಾದವಳು ಅವಳು. ವಿಜಯಪುರವನ್ನು ಮೂರಕ್ಕೆ ಏರಿಸಿದೆವು.

ಮೊದಲ ಸುತ್ತಿನಲ್ಲಿ ವಿಜಯಪುರವೇ ಸಿಕ್ಕಿತು. ಆ ಸೀಟನ್ನು ಕೈಬಿಡದೆ ಮೇಲಿನ ಆಯ್ಕೆಗಳಿಗಾಗಿ ಮುಂದಿನ ಸುತ್ತಿಗೆ ಹೋಗುವ ಎರಡನೆಯ ಚಾಯ್ಸನ್ನು ಅವಳು ಆರಿಸಿದಳು; ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆಂಬುದನ್ನು ಮೂವರೂ ಎರಡೆರಡು ಸಲ ಓದಿ ಖಾತ್ರಿ ಮಾಡಿಕೊಂಡೆವು. ಎರಡನೆಯ ಸುತ್ತಿನಲ್ಲಿ ಹನುಮನಮಟ್ಟಿ ಬಂತು. ನೇಮಕಾತಿಯ ಬಗೆಗಿನ ನನ್ನ ಅಂಜಿಕೆ ಇನ್ನೂ ಹೋಗಿಲ್ಲ, ಅದು ಅವಳಿಗೂ ಗೊತ್ತು; ಮೂರನೆಯ ವರ್ಷದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದಲು ಶುರುಮಾಡುವುದಾಗಿ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾನಾಗಿ ಬರೆದಿಟ್ಟು ಹೋಗಿದ್ದಾಳೆ.