ಮೇಷ್ಟ್ರಿಗೆ ಬರೆದ ಎರಡನೇ ಥ್ಯಾಂಕ್ಸ್

ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಕಂಡ ರಾತ್ರಿ ಮೊದಲು ಅಮ್ಮನಿಗೆ ಹೇಳಿದೆ. ಆಮೇಲೆ ಯೂಟ್ಯೂಬ್ ತೆರೆದು, ಒಂದು ವರ್ಷದಿಂದ ನನಗೆ ಲೆಕ್ಕ ಕಲಿಸಿದ ಮೇಷ್ಟ್ರ ಕೊನೆಯ ವಿಡಿಯೊ ಕೆಳಗೆ ಬರೆದೆ: "ಥ್ಯಾಂಕ್ಯೂ ಸೋ ಮಚ್ ಸರ್, ನಿಮ್ಮಿಂದ ಸೆಲೆಕ್ಟ್ ಆದೆ." ಕೈ ಮುಗಿಯುವ ಚಿತ್ರ ಮೂರು ಹಾಕಿದೆ.

ಬೆಳಿಗ್ಗೆ ನೋಡಿದರೆ ಅದರ ಮೇಲೆ ಇನ್ನೂ ನಲವತ್ತು ಜನ ಬರೆದಿದ್ದರು. ಎಲ್ಲವೂ ಹೆಚ್ಚುಕಡಿಮೆ ಅದೇ ಮಾತು, ಅದೇ ಮೂರು ಕೈ. ನನ್ನದು ಯಾವುದು ಅಂತ ನನಗೇ ಹುಡುಕಬೇಕಾಯಿತು. ಅವರು ಎಲ್ಲದಕ್ಕೂ ಒಂದೊಂದು ಹೃದಯ ಒತ್ತಿದ್ದರು, ಅಷ್ಟೇ. ಅದರಲ್ಲಿ ಅವರದೇನೂ ತಪ್ಪಿಲ್ಲ. ನಾನು ಅವರಿಗೆ ಏನನ್ನೂ ಹೇಳಿರಲೇ ಇಲ್ಲವಲ್ಲ.

ಹಾಗಾಗಿ ಕೂತು ಯೋಚಿಸಿದೆ, ಅವರು ನಿಜವಾಗಿ ನನಗೆ ಮಾಡಿದ್ದಾದರೂ ಏನು? ಹಳೆಯ ನೋಟ್‌ಬುಕ್ ತೆಗೆದೆ. ಬಟ್ಟೆ ಅಂಗಡಿ ಕೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ಓದುತ್ತಿದ್ದೆ. ಇತಿಹಾಸ, ಸಂವಿಧಾನ ಪುಸ್ತಕದಿಂದಲೇ ಆಗುತ್ತಿತ್ತು. ಮುಳುಗುತ್ತಿದ್ದುದು ಮಾನಸಿಕ ಸಾಮರ್ಥ್ಯದಲ್ಲಿ, ಅದರಲ್ಲೂ 'ಕಾಲ ಮತ್ತು ಕೆಲಸ' ಲೆಕ್ಕದಲ್ಲಿ. ನೋಟ್‌ಬುಕ್ಕಿನ ಆ ಪುಟ ಸಿಕ್ಕಿತು.

ಲೆಕ್ಕ ಹೀಗಿದೆ. ಒಬ್ಬರು ಒಂದು ಕೆಲಸವನ್ನು 12 ದಿನದಲ್ಲಿ ಮುಗಿಸುತ್ತಾರೆ, ಇನ್ನೊಬ್ಬರು 18 ದಿನದಲ್ಲಿ. ಇಬ್ಬರೂ ಸೇರಿ ಶುರು ಮಾಡುತ್ತಾರೆ, 4 ದಿನ ಆದ ಮೇಲೆ ಮೊದಲಿನವರು ಬಿಟ್ಟು ಹೋಗುತ್ತಾರೆ. ಉಳಿದದ್ದಕ್ಕೆ ಎರಡನೆಯವರಿಗೆ ಎಷ್ಟು ದಿನ ಬೇಕು? ಶಾಲೆಯಲ್ಲಿ ಕಲಿತಂತೆ ನಾನು ಹನ್ನೆರಡರಲ್ಲಿ ಒಂದು, ಹದಿನೆಂಟರಲ್ಲಿ ಒಂದು ಅಂತ ಭಿನ್ನರಾಶಿ ಕೂಡಿಸಿ, ಒಂದರಿಂದ ಕಳೆದು, ಎಲ್ಲೋ ಒಂದು ಕಡೆ ತಪ್ಪುತ್ತಿದ್ದೆ. ತಪ್ಪದಿದ್ದರೂ ಮೂರು ನಿಮಿಷ ಹೋಗುತ್ತಿತ್ತು. ಪರೀಕ್ಷೆಯಲ್ಲಿ ಇರುವುದು 90 ನಿಮಿಷಕ್ಕೆ 100 ಪ್ರಶ್ನೆ.

ಮೇಷ್ಟ್ರು ಹೇಳಿದ್ದು, "ಕೆಲಸ ಅಂದರೆ ಗೋಡೆ ಅಂದ್ಕೊಳ್ಳಿ. ಆ ಗೋಡೆಗೆ 36 ಇಟ್ಟಿಗೆ." 12 ಮತ್ತು 18ರ ಲ.ಸಾ.ಅ. 36, ಅಷ್ಟೇ. ಮೊದಲಿನವರು ದಿನಕ್ಕೆ 3 ಇಟ್ಟಿಗೆ ಇಡುತ್ತಾರೆ, ಎರಡನೆಯವರು 2. ಇಬ್ಬರೂ ಸೇರಿ ದಿನಕ್ಕೆ 5, ನಾಲ್ಕು ದಿನಕ್ಕೆ 20. ಉಳಿದದ್ದು 16 ಇಟ್ಟಿಗೆ. ದಿನಕ್ಕೆ 2ರಂತೆ 8 ದಿನ. ಭಿನ್ನರಾಶಿಯೇ ಇಲ್ಲ. ಆ ತುಣುಕನ್ನು ನಾನು ಹಿಂದಕ್ಕೆ ಎಳೆದು ಎಳೆದು ಆರೇಳು ಸಲ ನೋಡಿದ್ದೆ. ಪರೀಕ್ಷೆಯಲ್ಲಿ ಇದೇ ಜಾತಿಯ ಲೆಕ್ಕ ಬಂದಾಗ ಪ್ರಶ್ನೆಪತ್ರಿಕೆಯ ಅಂಚಿನಲ್ಲೇ ಮುಗಿಸಿದೆ.

ಇನ್ನೊಂದು ಇತ್ತು. ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ನನ್ನ ಮೊದಲ ಮಾದರಿ ಪರೀಕ್ಷೆಯಲ್ಲಿ ನೂರಕ್ಕೆ ನೂರೂ ತುಂಬಿದ್ದೆ. 58 ಸರಿ, 42 ತಪ್ಪು. ಹತ್ತೂವರೆ ಅಂಕ ಕಳೆದು ಉಳಿದದ್ದು 47.5. ಅವರು ಒಂದು ವಿಡಿಯೊದಲ್ಲಿ ಹೇಳಿದ್ದರು: ನಾಲ್ಕು ಆಯ್ಕೆಯಲ್ಲಿ ಎರಡನ್ನಾದರೂ ಖಚಿತವಾಗಿ ಹೊಡೆದು ಹಾಕಲು ಆದರೆ ಮಾತ್ರ ಕೈ ಹಾಕಿ, ಇಲ್ಲವಾದರೆ ಬಿಟ್ಟು ಮುಂದೆ ಹೋಗಿ. ಹೀಗೆ ಬಿಡುವುದನ್ನು ಕಲಿತ ಮೇಲೆ ಮಾದರಿ ಪರೀಕ್ಷೆಯಲ್ಲಿ 84 ಮಾತ್ರ ತುಂಬಿದೆ. 70 ಸರಿ, 14 ತಪ್ಪು. 66.5 ಬಂತು. ಓದಿದ್ದೂ ಜಾಸ್ತಿಯಾಗಿತ್ತು, ನಿಜ. ಆದರೆ ಬಿಟ್ಟು ಬಂದ ಆ ಹದಿನಾರರಲ್ಲಿ ನನ್ನ ಹಳೆಯ ಚಾಳಿ ಎಷ್ಟು ತಪ್ಪು ಮಾಡುತ್ತಿತ್ತೋ.

ಇಷ್ಟು ಕೈಗೆ ಸಿಕ್ಕ ಮೇಲೆ ಬರೆಯುವುದು ಸುಲಭವಾಯಿತು. ವಿಡಿಯೊ ವಿವರಣೆಯಲ್ಲಿ ಅವರ ಮೇಲ್ ವಿಳಾಸ ಇತ್ತು. ಈ ಸಲ ಅದಕ್ಕೇ ಕಳಿಸಿದೆ:

"ಸರ್, ನಮಸ್ಕಾರ. ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ನಿಮ್ಮ ಕಾಲ ಮತ್ತು ಕೆಲಸದ ಎರಡನೇ ಪಾಠದಲ್ಲಿ 14:20ರಿಂದ ಇಟ್ಟಿಗೆ ಲೆಕ್ಕ ಹೇಳಿದ್ದೀರಿ. ಅದನ್ನು ಆರೇಳು ಸಲ ನೋಡಿದೆ. ಅಲ್ಲಿಯವರೆಗೆ ಈ ಲೆಕ್ಕ ಬಂದರೆ ಎಲ್ಲೋ ತಪ್ಪುತ್ತಿದ್ದೆ, ಪರೀಕ್ಷೆಯಲ್ಲಿ ಸರಿಯಾಗಿ ಮಾಡಿದೆ. ಮೈನಸ್ ಅಂಕದ ಬಗ್ಗೆ ನೀವು ಹೇಳಿದ್ದರಿಂದ ಸಿಕ್ಕಿದ್ದೆಲ್ಲ ತುಂಬುವುದನ್ನು ನಿಲ್ಲಿಸಿದೆ. ಸಂಖ್ಯಾ ಸರಣಿಯ ಪಾಠಗಳು ಮಾತ್ರ ನನಗೆ ಹತ್ತಲಿಲ್ಲ, ಅದನ್ನು ಗೆಳೆಯನ ಹತ್ತಿರ ಕಲಿತೆ."

ಕೊನೆಯ ವಾಕ್ಯ ಬೇಕಾ ಬೇಡವಾ ಅಂತ ಒಂದು ದಿನ ಒದ್ದಾಡಿದೆ. ಥ್ಯಾಂಕ್ಸ್ ಹೇಳುವಾಗ ಕೊಂಕು ಯಾಕೆ ಅಂತ. ಆದರೆ ಅದು ಇದ್ದರೆ ಮೇಲಿನದನ್ನು ಸುಮ್ನೆ ಹೊಗಳಿಕೆ ಅಂದುಕೊಳ್ಳುವುದಿಲ್ಲ ಅನ್ನಿಸಿ ಹಾಗೇ ಇಟ್ಟೆ. ಜೊತೆಗೆ ಇನ್ನೊಂದು ವಿಷಯವನ್ನೂ ಸೇರಿಸಿದೆ. ರೈಲಿನ ಪಾಠದಲ್ಲಿ 150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ 300 ಮೀಟರ್ ಪ್ಲಾಟ್‌ಫಾರ್ಮ್ ದಾಟುವ ಲೆಕ್ಕ ಇದೆ. ಸೆಕೆಂಡಿಗೆ 15 ಮೀಟರ್ ಅಂತ ಸರಿಯಾಗಿಯೇ ಬದಲಾಯಿಸಿದ್ದರು. ಆಮೇಲೆ ಅವಸರದಲ್ಲಿ 300ನ್ನು ಮಾತ್ರ 15ರಿಂದ ಭಾಗಿಸಿ 20 ಸೆಕೆಂಡ್ ಅಂದುಬಿಟ್ಟಿದ್ದರು. ರೈಲಿನ ಉದ್ದವೂ ಸೇರಿ 450 ಆಗಬೇಕು, ಉತ್ತರ 30. ಇದನ್ನು ಎಲ್ಲರೆದುರು ವಿಡಿಯೊ ಕೆಳಗೆ ಬರೆಯದೆ ಮೇಲ್‌ನಲ್ಲೇ ಹೇಳಿದ್ದು ಒಳ್ಳೆಯದಾಯಿತು ಅಂತ ಈಗಲೂ ಅನ್ನಿಸುತ್ತದೆ.

ಏನು ಬರೆಯಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅರ್ಜಿ ಸಂಖ್ಯೆ, ಹುಟ್ಟಿದ ದಿನಾಂಕ ಇರುವ ಅಂಕಪಟ್ಟಿಯ ಫೋಟೊ ಕಳಿಸಲಿಲ್ಲ. ನಂಬಲಿ ಅಂತ ಎಷ್ಟೋ ಜನ ಅದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ನಾನು ಮೊದಲ ಥ್ಯಾಂಕ್ಸ್ ಬರೆದ ವಾರದಲ್ಲೇ ಒಂದು ಕೋಚಿಂಗ್ ಸಂಸ್ಥೆಯವರು ಫೋನ್ ಮಾಡಿ, "ಒಂದು ಫೋಟೊ ಕಳಿಸಿ, ನಮ್ಮ ಬ್ಯಾನರ್‌ಗೆ ಹಾಕ್ತೀವಿ" ಅಂದರು. ಅಲ್ಲಿ ನಾನು ಓದಿಯೇ ಇರಲಿಲ್ಲ, ಒಂದು ಉಚಿತ ಮಾದರಿ ಪರೀಕ್ಷೆ ಬರೆದಿದ್ದೆ ಅಷ್ಟೇ. ಆಗಲ್ಲ ಅಂದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಇದಕ್ಕೆಂದೇ ಮಾರ್ಗಸೂಚಿ ತಂದಿದೆ ಅಂತ ಆಮೇಲೆ ಗೊತ್ತಾಯಿತು. ಆಯ್ಕೆಯಾದ ಮೇಲೆ ಅಭ್ಯರ್ಥಿ ಬರವಣಿಗೆಯಲ್ಲಿ ಒಪ್ಪಿಗೆ ಕೊಡದೆ ಕೋಚಿಂಗ್ ಜಾಹೀರಾತಿನಲ್ಲಿ ಅವರ ಹೆಸರು, ಫೋಟೊ ಬಳಸುವಂತಿಲ್ಲ. ಯಾವ ಕೋರ್ಸ್ ತೆಗೆದುಕೊಂಡಿದ್ದರು ಅನ್ನುವುದನ್ನೂ ಹೇಳಬೇಕು. ಹಾಗಾಗಿ ನನ್ನ ಮೇಲ್‌ನಲ್ಲೂ ಒಂದು ಸಾಲು ಹಾಕಿದ್ದೆ: "ಇದನ್ನು ಓದಿ ಹೇಳಬಹುದು ಸರ್, ಹೆಸರು ಬೇಡ."

ನಾಲ್ಕನೇ ದಿನ ಉತ್ತರ ಬಂತು. ರೈಲಿನ ವಿಡಿಯೊ ಕೆಳಗೆ 'ಉತ್ತರ 30 ಸೆಕೆಂಡ್, 20 ಅಲ್ಲ' ಅಂತ ಬರೆದು ಎಲ್ಲಕ್ಕಿಂತ ಮೇಲೆ ನಿಲ್ಲಿಸಿದ್ದರು. ಸರಣಿಯ ಪಾಠದಲ್ಲಿ ಎಲ್ಲಿ ಕೈಬಿಟ್ಟೆ ಅಂತ ಕೇಳಿದ್ದರು. ಮೂರನೇ ಉದಾಹರಣೆ ಹತ್ತಿರ ಅಂತ ಬರೆದೆ.

ಕೊನೆಗೆ ಅವರು ಬರೆದದ್ದು ಇದು. ವಿಡಿಯೊ ಹಾಕುವವರಿಗೆ ಜನ ಎಲ್ಲಿ ಬಿಟ್ಟು ಹೋದರು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡಿದರು ಅನ್ನುವ ಗ್ರಾಫ್ ಒಂದು ಕಾಣುತ್ತದಂತೆ. "ಆ ಪಾಠದಲ್ಲಿ ಹದಿನಾಲ್ಕನೇ ನಿಮಿಷದ ಹತ್ತಿರ ಒಂದು ದಿಬ್ಬ ಇತ್ತು. ನಾನು ಹೇಳಿದ್ದು ಅರ್ಥ ಆಗದೆ ಮತ್ತೆ ಮತ್ತೆ ನೋಡ್ತಿದ್ದಾರೆ ಅಂದ್ಕೊಂಡು ಆ ಭಾಗ ತೆಗೆದು ಹೊಸದಾಗಿ ಮಾಡಬೇಕು ಅಂತಿದ್ದೆ. ಈಗ ಮುಟ್ಟಲ್ಲ ಬಿಡಿ."