ಟ್ರೆಂಡ್‌ಲೈನ್ ಎಳೆಯುವ ಮೊದಲು ಚಾರ್ಟ್‌ನ ಅಳತೆ ನೋಡಿಕೊಳ್ಳಿ

ತೀರ್ಥಹಳ್ಳಿಯ ಅಡಿಕೆ ಬೆಳೆಗಾರ ಸ್ನೇಹಿತರೊಬ್ಬರು 2016ರ ಆರಂಭದಲ್ಲಿ ಸೆನ್ಸೆಕ್ಸ್‌ನ ದೀರ್ಘಾವಧಿ ಚಾರ್ಟ್ ತೋರಿಸಿ, ‘ಗೆರೆ ಇನ್ನೂ ಮುರಿದಿಲ್ಲ’ ಎಂದಿದ್ದರು. ಎರಡು ತಳಗಳನ್ನು ಜೋಡಿಸಿ ಎಳೆದ ಟ್ರೆಂಡ್‌ಲೈನ್‌ಗಿಂತ ಸೂಚ್ಯಂಕ ಕೆಳಗಿಳಿದಿಲ್ಲ ಎಂಬುದು ಅವರ ಮಾತಿನ ಅರ್ಥ. ಆದರೆ ಅವರು ಎಳೆದದ್ದು ಸಮ ಎತ್ತರಕ್ಕೆ ಸಮ ಅಂಶ ಎನ್ನುವ ಲೀನಿಯರ್ ಅಳತೆಯಲ್ಲಿ. ಅದೇ ಎರಡು ತಳಗಳನ್ನು ಸಮ ಎತ್ತರಕ್ಕೆ ಸಮ ಶೇಕಡಾ ಎನ್ನುವ ಲಾಗ್ ಅಳತೆಯಲ್ಲಿ ಜೋಡಿಸಿದರೆ ಗೆರೆ ಆಗಲೇ ಮುರಿದಿತ್ತು.

ಮೊದಲ ಹಂತ: ಚಾರ್ಟ್‌ನ ಬದಿಯಲ್ಲಿರುವ ಬೆಲೆಯ ಕಂಬದಲ್ಲಿ ಅಂಕಿಗಳ ಅಂತರ ನೋಡಿ. ಅಡಿಕೆ ಧಾರಣೆ ಕ್ವಿಂಟಲ್‌ಗೆ 10,000ದಿಂದ 20,000ಕ್ಕೆ ಏರುವುದಕ್ಕೂ 40,000ದಿಂದ 80,000ಕ್ಕೆ ಏರುವುದಕ್ಕೂ ಲಾಗ್‌ನಲ್ಲಿ ಎತ್ತರ ಒಂದೇ. ಲೀನಿಯರ್‌ನಲ್ಲಿ ಎರಡನೆಯದು ನಾಲ್ಕು ಪಟ್ಟು.

ಎರಡನೆಯ ಹಂತ: ಚಾರ್ಟ್‌ನ ಅತಿ ಹೆಚ್ಚಿನ ಬೆಲೆ ಅತಿ ಕಡಿಮೆ ಬೆಲೆಯ ಮೂರು ಪಟ್ಟು ಮೀರಿದ್ದರೆ ಲಾಗ್ ಆರಿಸಿ. ಒಂದೇ ವರ್ಷದ, ಶೇ 20ರಷ್ಟು ಏರಿಳಿತದ ಚಾರ್ಟ್‌ಗೆ ಯಾವುದಾದರೂ ಸರಿ. ಶೇಕಡಾವಾರು ತೋರಿಸುವ ಬಟನ್ ಲಾಗ್ ಅಲ್ಲ. ಅದು ಕಂಬದ ಅಂಕಿಗಳನ್ನಷ್ಟೇ ಬದಲಿಸುತ್ತದೆ.

ಮೂರನೆಯ ಹಂತ ಗೆರೆ ಎಳೆಯುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಲೀನಿಯರ್‌ನ ನೇರ ಗೆರೆ ವರ್ಷವರ್ಷವೂ ಅಷ್ಟೇ ಅಂಶ ಏರಿದರೆ ಸಾಕೆನ್ನುತ್ತದೆ. ಲಾಗ್‌ನ ನೇರ ಗೆರೆ ವರ್ಷವರ್ಷವೂ ಅಷ್ಟೇ ಶೇಕಡಾ ಏರಬೇಕೆನ್ನುತ್ತದೆ. ಸೆನ್ಸೆಕ್ಸ್ 2003ರ ಏಪ್ರಿಲ್‌ನಲ್ಲಿ ಸುಮಾರು 2,924ಕ್ಕೂ 2009ರ ಮಾರ್ಚ್‌ನಲ್ಲಿ ಸುಮಾರು 8,160ಕ್ಕೂ ಇಳಿದು ಮುಗಿದಿತ್ತು. ನಡುವಿನ ಅವಧಿ 5.87 ವರ್ಷ. ಈ ಎರಡು ತಳಗಳನ್ನು ಜೋಡಿಸುವ ಗೆರೆಯನ್ನು ಮುಂದಕ್ಕೆ 6.93 ವರ್ಷ, ಅಂದರೆ 2016ರ ಫೆಬ್ರುವರಿಯವರೆಗೆ ಎಳೆದರೆ ಅದು ಎಲ್ಲಿರುತ್ತದೆಂದು ಸ್ಪ್ರೆಡ್‌ಶೀಟ್‌ನಲ್ಲಿ ನೋಡಬಹುದು. ಮೊದಲ ಸಾಲು ಲೀನಿಯರ್, ಎರಡನೆಯದು ಲಾಗ್:

```
=8160+(8160-2924)*6.93/5.87
=8160*(8160/2924)^(6.93/5.87)
```

ಉತ್ತರ ಸುಮಾರು 14,300 ಮತ್ತು 27,400. ಸೆನ್ಸೆಕ್ಸ್ ಆ ತಿಂಗಳು ಸುಮಾರು 22,950ಕ್ಕೆ ಇಳಿದಿತ್ತು. ಒಂದು ಗೆರೆಗಿಂತ ಅದು ಬಹಳ ಮೇಲೆ, ಇನ್ನೊಂದಕ್ಕಿಂತ ಕೆಳಗೆ. ಲೀನಿಯರ್ ಗೆರೆ ಮುಟ್ಟಬೇಕಾದರೆ 2015ರಲ್ಲಿ 30,000ದ ಆಸುಪಾಸಿನಲ್ಲಿದ್ದ ಸೂಚ್ಯಂಕ ಅರ್ಧಕ್ಕಿಂತಲೂ ಹೆಚ್ಚು ಕುಸಿಯಬೇಕಿತ್ತು. ಅಷ್ಟು ದೂರದ ಗೆರೆಯನ್ನು ನಾನು ಆಧಾರವೆಂದು ಕರೆಯುವುದಿಲ್ಲ.

ನಾಲ್ಕನೆಯ ಹಂತ: ಮುರಿದದ್ದೇನೆಂದು ಹೇಳಿಕೊಳ್ಳಿ. ಇಲ್ಲಿನ ಲಾಗ್ ಗೆರೆಯ ವೇಗ ವರ್ಷಕ್ಕೆ ಸುಮಾರು ಶೇ 19. ಅದು ಮುರಿದರೆ ಮಾರುಕಟ್ಟೆ ಆ ಓಟವನ್ನು ಉಳಿಸಿಕೊಳ್ಳಲಿಲ್ಲವೆಂದಷ್ಟೇ ಅರ್ಥ; ಮಾರಿಬಿಡಿ ಎಂದಲ್ಲ. 2003ರ ತಳದಿಂದ ಹೊರಟ ಏರಿಕೆಯಂಥ ಕಡಿದಾದ ಅವಧಿಯಲ್ಲಿ ಎಳೆದ ಲಾಗ್ ಗೆರೆ ಇಂದಲ್ಲ ನಾಳೆ ಮುರಿಯಲೇಬೇಕು. ಆದ್ದರಿಂದ ಮೂರನೆಯ ತಳವೂ ಮುಟ್ಟುವವರೆಗೆ ಅದನ್ನು ಪೆನ್ಸಿಲ್ ಗೆರೆಯೆಂದೇ ಎಣಿಸಿ.

ಅಳತೆ ಬದಲಿಸಿದಾಗ ಹಳೆಯ ಗೆರೆಯನ್ನು ಅಳಿಸಿ, ಹೊಸದಾಗಿ ಎಳೆಯಿರಿ. ಹಲವು ತಂತ್ರಾಂಶಗಳು ಅದರ ಎರಡು ತುದಿಗಳನ್ನು ಮಾತ್ರ ಹಿಡಿದಿಟ್ಟು, ನಡುವೆ ಹೊಸ ನೇರ ಗೆರೆ ಎಳೆದುಬಿಡುತ್ತವೆ. ನಡುವೆ ಮುಟ್ಟುತ್ತಿದ್ದ ತಳಗಳು ಆಗ ಸದ್ದಿಲ್ಲದೆ ತಪ್ಪಿಹೋಗುತ್ತವೆ. ಬೆಲೆ ಸೊನ್ನೆ ಮುಟ್ಟುವ ಅಥವಾ ಅದಕ್ಕಿಂತ ಕೆಳಗಿಳಿಯುವ ಕಡೆ ಮಾತ್ರ ಲಾಗ್ ನಡೆಯದು: 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದಾ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿದ ದಿನವನ್ನು ತೋರಿಸಲು ಲೀನಿಯರ್ ಅಳತೆಯೇ ಬೇಕು.